ಬಿಲ್ಡರ್ ಮುಂದೆ ಮೊದಲು ಏನನ್ನು ಇಡಬೇಕು?

ಓದುಗರ ಪ್ರಶ್ನೆ: ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷದಿಂದ ಇಂಟೀರಿಯರ್ ಕೆಲಸ ಮಾಡುತ್ತಿದ್ದೇನೆ. ಹದಿನೈದಿಪ್ಪತ್ತು ಫ್ಲ್ಯಾಟ್ ಕಟ್ಟುವ ಚಿಕ್ಕ ಬಿಲ್ಡರ್‌ಗಳಿಗೆ ನನ್ನ ತ್ರೀಡಿ ಡಿಸೈನ್‌ಗಳನ್ನು ತೋರಿಸುತ್ತೇನೆ. "ತುಂಬಾ ಚೆನ್ನಾಗಿದೆ, ಹೇಳ್ತೀವಿ ಮೇಡಂ" ಅಂತಾರೆ. ಆಮೇಲೆ ಫೋನೇ ಬರಲ್ಲ. ಎಲ್ಲಿ ಎಡವುತ್ತಿದ್ದೇನೆ?

ನಾನೂ ಹೀಗೆಯೇ ಎಡವಿದ್ದೆ. ಉತ್ತರಹಳ್ಳಿ ಕಡೆ 16 ಫ್ಲ್ಯಾಟ್‌ಗಳ ಒಂದು ಕಟ್ಟಡ. ಎಲ್ಲ ಅಡುಗೆಮನೆಗಳ ಕೆಲಸವನ್ನೂ ಒಬ್ಬರಿಗೇ ಕೊಡುತ್ತಾರೆ ಅಂತ ಕೇಳಿ ಲ್ಯಾಪ್‌ಟಾಪ್ ಹಿಡಿದು ಹೋದೆ. ಇಪ್ಪತ್ತು ಚಿತ್ರ ತೋರಿಸಿದೆ. ಬಿಲ್ಡರ್ ತಾಳ್ಮೆಯಿಂದಲೇ ನೋಡಿದರು. ಕೊನೆಗೆ ಎರಡೇ ಮಾತು ಕೇಳಿದರು: "ಇದರಲ್ಲಿ ಮುಗಿದಿರೋದು ಯಾವುದು ಮೇಡಂ? ಎಷ್ಟು ದಿನ ಹಿಡೀತು?" ನನ್ನ ಹತ್ತಿರ ಮುಗಿದ ಮನೆಗಳಿದ್ದವು. ಆದರೆ ಫೋಟೋ ತಂದಿರಲಿಲ್ಲ, ದಿನಗಳ ಲೆಕ್ಕ ಬರೆದಿಟ್ಟಿರಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯಿತು.

ಅವರು ಅದನ್ನೇ ಯಾಕೆ ಕೇಳಿದರು ಅನ್ನೋದಕ್ಕೆ ಅವರ ದುಡ್ಡಿನ ಲೆಕ್ಕ ನೋಡಬೇಕು. ಚಿಕ್ಕ ಬಿಲ್ಡರ್ ಸಾಮಾನ್ಯವಾಗಿ ಸೈಟ್ ಮಾಲೀಕರ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡಿಕೊಂಡಿರುತ್ತಾರೆ. 16 ಫ್ಲ್ಯಾಟ್‌ಗಳಲ್ಲಿ ಮಾಲೀಕರಿಗೆ 6, ಬಿಲ್ಡರ್‌ಗೆ 10 ಅಂದುಕೊಳ್ಳಿ. ಒಂದೊಂದಕ್ಕೆ 80 ಲಕ್ಷ ಬೆಲೆ. ಕೊಂಡವರು ಕೊನೆಯ ಶೇಕಡಾ 5ನ್ನು ಬೀಗದ ಕೈ ಕೊಡುವಾಗ ಕಟ್ಟುತ್ತಾರೆ ಅಂದರೆ ಮನೆಗೆ 4 ಲಕ್ಷ, ಒಟ್ಟು 40 ಲಕ್ಷ ಕೀ ಕೊಡುವ ತನಕ ಕೈಗೆ ಬರುವುದಿಲ್ಲ. ಅಷ್ಟು ಸಾಲಕ್ಕೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಹಾಕಿ ನೋಡಿ, ತಿಂಗಳಿಗೆ 50 ಸಾವಿರ ಆಗುತ್ತದೆ. ನೀವು ಒಂದು ಕಿಚನ್‌ಗೆ 5 ಸಾವಿರ ಕಮ್ಮಿ ಮಾಡಿದಿರಿ, 16ಕ್ಕೆ 80 ಸಾವಿರ ಉಳಿಯಿತು. ಕೆಲಸ ಎರಡು ತಿಂಗಳು ತಡವಾದರೆ ಒಂದು ಲಕ್ಷ ಹೋಯಿತು. ರೇಟ್ ಇಳಿಸುವುದಕ್ಕಿಂತ ತಾರೀಕು ಉಳಿಸುವುದು ಅವರಿಗೆ ಲಾಭ, ಅಲ್ವಾ?

ಇದರ ಮೇಲೆ ಮನೆ ಕೊಳ್ಳುವವರ ಪರವಾದ ರೇರಾ ಕಾನೂನು. ಒಪ್ಪಂದದ ತಾರೀಕಿಗೆ ಮನೆ ಕೊಡದಿದ್ದರೆ ತಡವಾದ ಪ್ರತಿ ತಿಂಗಳಿಗೂ ಕೊಂಡವರು ಬಡ್ಡಿ ಕೇಳಬಹುದು. ಆಷಾಢವೂ ಇದೆ. ಆಷಾಢದಲ್ಲಿ ನಮ್ಮಲ್ಲಿ ಗೃಹಪ್ರವೇಶ ಮಾಡುವುದಿಲ್ಲ. ಅದಕ್ಕೇ ಜಾಸ್ತಿ ಜನ ಅದಕ್ಕೆ ಮುಂಚೆಯೇ ಮುಹೂರ್ತ ಇಟ್ಟುಕೊಂಡಿರುತ್ತಾರೆ. ಪುರೋಹಿತರಿಗೆ ಹೇಳಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟ ಮೇಲೆ "ಕಿಚನ್ ಇನ್ನೂ ಎಂಟು ದಿನ" ಅಂದರೆ ಬೈಸಿಕೊಳ್ಳುವವರು ಬಿಲ್ಡರ್.

ಹಾಗಾಗಿ ತ್ರೀಡಿಗಿಂತ ಮೊದಲು ಎರಡು ಹಾಳೆ ಇಡಿ: ಒಂದು ಮುಗಿದ ಕೆಲಸದ್ದು, ಇನ್ನೊಂದು ಮುಂದಿನ ಕೆಲಸದ ವೇಳಾಪಟ್ಟಿ. ಮೊದಲು ಮುಗಿದ ಕೆಲಸದ ವಿಷಯ. ವಿಲ್ಲಾದ ಫೋಟೋ ತಗೊಂಡು ಹೋಗಬೇಡಿ. ಅವರು ಕಟ್ಟುತ್ತಿರುವುದು 1,100 ಚದರಡಿಯ ಎರಡು ಬೆಡ್‌ರೂಮ್ ಮನೆ. ಅದೇ ಅಳತೆಯ, ಅದೇ ಬಜೆಟ್ಟಿನ ಮನೆ ತೋರಿಸಿ. ಅದರಲ್ಲೂ ಎರಡು ವರ್ಷ ಬಳಸಿದ ಅಡುಗೆಮನೆ ಇದ್ದರೆ ಅದೇ ಮೊದಲು ಬರಲಿ. ರೇರಾ ಪ್ರಕಾರ ಕೀ ಕೊಟ್ಟ 5 ವರ್ಷದೊಳಗೆ ಕೆಲಸದಲ್ಲಿ ದೋಷ ಕಂಡರೆ ಬಿಲ್ಡರ್ ತಮ್ಮ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಕಿಚನ್ ಸಮೇತ ಮನೆ ಮಾರಿದ್ದರೆ ನೀವು ಹಾಕಿದ ಬಾಗಿಲಿಗೂ ಅವರೇ ಉತ್ತರ ಹೇಳಬೇಕಾಗುತ್ತದೆ.

ಆದ್ದರಿಂದ ಮುಂದಿನಿಂದ ತೆಗೆದ ಒಂದು ಚೆಂದದ ಫೋಟೋ ಸಾಲದು. ಸಿಂಕಿನ ಕೆಳಗಿನ ಕಪಾಟನ್ನು ತೆರೆದು ಫೋಟೋ ತೆಗೆಯಿರಿ. ನೀರು ಸೋರಿ ಮೊದಲು ಊದುವುದು ಅಲ್ಲೇ. ಪ್ಲೈವುಡ್ಡಿನ ಅಂಚು, ಪೈಪಿಗೆ ಕೊರೆದ ತೂತಿನ ಸುತ್ತ ಹಚ್ಚಿದ ಸಿಲಿಕೋನ್, ಹಿಂಜ್‌ಗೆ ತುಕ್ಕು ಹಿಡಿದಿದೆಯೋ ಇಲ್ಲವೋ, ಎಲ್ಲ ಕಾಣಬೇಕು. ಎರಡನೇ ಸಲ ಇನ್ನೊಬ್ಬ ಬಿಲ್ಡರನ್ನು ನಾನು ಮುಗಿಸಿದ ಮನೆಗೇ ಕರೆದುಕೊಂಡು ಹೋದೆ. ಮನೆಯವರನ್ನು ಮೊದಲೇ ಕೇಳಿ ಒಪ್ಪಿಸಿದ್ದೆ. ಬಣ್ಣದ ಬಗ್ಗೆ ಬಿಲ್ಡರ್ ಒಂದು ಮಾತೂ ಆಡಲಿಲ್ಲ. ಕುಕ್ಕರ್, ಬಾಣಲೆ ತುಂಬಿದ್ದ ಕೆಳಗಿನ ಡ್ರಾವನ್ನು ಪೂರ್ತಿ ಎಳೆದರು. ಸಿಂಕಿನ ಕೆಳಗೆ ಬಗ್ಗಿ ತಳದ ಹಲಗೆಯ ಮೇಲೆ ಕೈಯಾಡಿಸಿದರು. ಆಮೇಲೆ ಮನೆಯಮ್ಮನನ್ನು ಕೇಳಿದರು: "ಕಂಪ್ಲೇಂಟ್ ಹೇಳಿದ್ರೆ ಎಷ್ಟು ದಿನಕ್ಕೆ ಬರ್ತಾರಮ್ಮ?"

ಪ್ರತಿ ಫೋಟೋ ಕೆಳಗೆ ಮೂರು ತಾರೀಕು ಬರೆಯಿರಿ: ಡ್ರಾಯಿಂಗ್‌ಗೆ ಸಹಿಯಾದ ದಿನ, ನೀವು ಹೇಳಿದ ದಿನ, ಕೊಟ್ಟ ದಿನ. ತಡವಾಗಿದ್ದರೆ ಅದನ್ನೂ ಬರೆಯಿರಿ. ನನ್ನ ಹಾಳೆಯಲ್ಲಿ "45 ದಿನ ಹೇಳಿದ್ದು, 57 ಆಯಿತು. ಆರಿಸಿದ ಲ್ಯಾಮಿನೇಟ್ ಶೇಡ್ ಸ್ಟಾಕ್ ಇರಲಿಲ್ಲ. ಈಗ ಸ್ಟಾಕ್ ವಿಚಾರಿಸಿಯೇ ಸಹಿ ಹಾಕಿಸುತ್ತೇವೆ" ಅಂತ ಒಂದು ಸಾಲಿತ್ತು. ಬಿಲ್ಡರ್ ಜಾಸ್ತಿ ಹೊತ್ತು ಮಾತಾಡಿದ್ದು ಆ ಸಾಲಿನ ಬಗ್ಗೆಯೇ. ಅವರೂ ದಿನಾ ಇಂಥದ್ದನ್ನೇ ಎದುರಿಸುವವರು.

ಮುಂದೆ ಮಾಡುವ ಕೆಲಸದ ವೇಳಾಪಟ್ಟಿ ಎರಡನೇ ಹಾಳೆ. "ಎರಡು ತಿಂಗಳಲ್ಲಿ ಮುಗಿಸ್ತೀವಿ" ಅಂತ ಸುಮ್ನೆ ಹೇಳಿದರೆ ಯಾರೂ ನಂಬಲ್ಲ. ಬಿಡಿಸಿ ತೋರಿಸಿ. 16 ಮನೆ, ಮಹಡಿಗೆ 4ರಂತೆ ನಾಲ್ಕು ಮಹಡಿ ಅಂತ ಇಟ್ಟುಕೊಳ್ಳೋಣ. ಒಂದು ಮಹಡಿಗೆ ಅಳತೆ, ಡ್ರಾಯಿಂಗ್, ಸಹಿಗೆ 5 ದಿನ. ಫ್ಯಾಕ್ಟರಿಯಲ್ಲಿ 25 ದಿನ. ಜೋಡಿಸಲು ಒಂದು ಕಿಚನ್‌ಗೆ 3 ದಿನದಂತೆ, ಎರಡು ತಂಡ ಇದ್ದರೆ 6 ದಿನ. ಒಟ್ಟು 36 ದಿನ. ಪ್ರತಿ ಮಹಡಿಯ ಅಳತೆಯನ್ನೂ ಹಿಂದಿನದಕ್ಕಿಂತ 8 ದಿನ ಬಿಟ್ಟು ಶುರುಮಾಡಿದರೆ ನಾಲ್ಕನೇ ಮಹಡಿ 60ನೇ ದಿನಕ್ಕೆ ಮುಗಿಯುತ್ತದೆ. ಅದಕ್ಕೆ 10 ದಿನ ಸೇರಿಸಿ 70 ಅಂತ ಬರೆಯಿರಿ. ನಿಮ್ಮ ಕಾರ್ಪೆಂಟರ್‌ಗಳು ರಾಜಸ್ಥಾನದವರೋ ಉತ್ತರ ಪ್ರದೇಶದವರೋ ಆಗಿದ್ದು ನಡುವೆ ಹೋಳಿಯೋ ದೀಪಾವಳಿಯೋ ಬಂದರೆ ಆ 10 ದಿನ ಸಾಲದು. ಊರಿಗೆ ಹೋದವರು ಮಾರನೇ ದಿನವೇ ವಾಪಸ್ ಬರುವುದಿಲ್ಲ.

ಈ ಲೆಕ್ಕ ಹಳಿ ತಪ್ಪುವುದು ಹೆಚ್ಚಾಗಿ ಮೊದಲ ದಿನವೇ. ಗ್ರಾನೈಟ್ ಕೂರಿಸಿಲ್ಲ, ಗೋಡೆ ಟೈಲ್ಸ್ ಅರ್ಧ ಆಗಿದೆ, ಚಿಮಣಿಯ ಸ್ವಿಚ್ ಎಲ್ಲಿ ಬರುತ್ತದೋ ಗೊತ್ತಿಲ್ಲ. ಆದರೂ ಆತುರಕ್ಕೆ ಅಳತೆ ತೆಗೆದುಬಿಡುತ್ತೇವೆ. ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಒಳಗೆ ಬಂದಿರುತ್ತದೆ, ಕಪಾಟು ಹಿಡಿಸುವುದಿಲ್ಲ. ಇನ್ನೊಂದು ತಪ್ಪು, ಎಲ್ಲ ಮಹಡಿಗೂ ಒಂದೇ ಪ್ಲಾನ್ ಅಂತ ಒಂದು ಕಿಚನ್ ಅಳೆದು 16ಕ್ಕೂ ಆರ್ಡರ್ ಕೊಡುವುದು. ಕಾಗದದ ಮೇಲೆ ಒಂದೇ ಆದರೂ ಗಾರೆ ದಪ್ಪ ಆದ ಕಡೆ ಅರ್ಧ ಇಂಚು, ಒಂದು ಇಂಚು ವ್ಯತ್ಯಾಸ ಬಂದೇ ಬರುತ್ತದೆ. ಹದಿನಾರನ್ನೂ ಬೇರೆಬೇರೆಯಾಗಿ ಅಳೆಯಲೇಬೇಕು.

ಅದಕ್ಕೇ ವೇಳಾಪಟ್ಟಿಯ ತಲೆಯಲ್ಲೇ "ಮೊದಲ ದಿನ ಅಂದರೆ ಯಾವ ದಿನ" ಅಂತ ಬರೆಯಿರಿ: ಗ್ರಾನೈಟ್ ಕೂತು, ಟೈಲ್ಸ್ ಮುಗಿದು, ನಲ್ಲಿ, ಸ್ವಿಚ್ ಪಾಯಿಂಟ್ ಎಲ್ಲ ಆಗಿ, ಬಿಲ್ಡರ್ ಕಡೆಯವರು ಆ ಮಹಡಿಯನ್ನು ನಮ್ಮ ಕೈಗೆ ಕೊಟ್ಟ ದಿನ. ಇದನ್ನು ಹೇಳಲು ಹಿಂಜರಿಯಬೇಡಿ. ಸೈಟ್ ಗೊತ್ತಿರುವವರು ಮಾತ್ರ ಇದನ್ನು ಕೇಳುತ್ತಾರೆ ಅನ್ನೋದು ಬಿಲ್ಡರ್‌ಗೆ ಗೊತ್ತು.

ತ್ರೀಡಿಯನ್ನು ಬಿಸಾಡಬೇಕಿಲ್ಲ. ಕೆಲಸ ಒಪ್ಪಿದ ಮೇಲೆ ಕೊಂಡವರು ಬಣ್ಣ ಆರಿಸುವಾಗ ಅದು ಬೇಕೇ ಬೇಕು. ಫ್ಲ್ಯಾಟ್ ಕೆಲಸ ಇನ್ನೂ ಒಂದೂ ಮುಗಿಸಿಲ್ಲ ಅನ್ನುವವರು ಹದಿನಾರನ್ನೂ ಕೇಳಬೇಡಿ. ಮಾಡೆಲ್ ಫ್ಲ್ಯಾಟಿನ ಒಂದು ಅಡುಗೆಮನೆಯನ್ನು ಕೇಳಿ, ತಾರೀಕು ಬರೆದುಕೊಟ್ಟು ಮುಗಿಸಿ. ಉಳಿದ ಹದಿನೈದರ ಮಾತನ್ನು ಬಿಲ್ಡರನ್ನು ಅದೇ ಕಿಚನ್ನಿನಲ್ಲಿ ನಿಲ್ಲಿಸಿಕೊಂಡು ಆಡಬಹುದು.