ಬೀಟಾ ಎಚ್‌ಸಿಜಿ: ಏರಿಕೆಯನ್ನು ಓದುವುದು ಹೇಗೆ?

ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಒಂದು ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅದೇ ಎಚ್‌ಸಿಜಿ. ಅದನ್ನು ಅಳೆಯುವ ರಕ್ತಪರೀಕ್ಷೆಗೆ ಬೀಟಾ ಎಚ್‌ಸಿಜಿ ಎನ್ನುತ್ತಾರೆ. ಸಾಮಾನ್ಯವಾಗಿ 5ಕ್ಕಿಂತ ಕಡಿಮೆ ಬಂದರೆ ನೆಗೆಟಿವ್, 25 ದಾಟಿದರೆ ಪಾಸಿಟಿವ್. ನಡುವೆ ಬಂದರೆ ಏನೂ ಹೇಳಲಾಗದು, ಮತ್ತೆ ಮಾಡಿಸಬೇಕು.

ರಿಪೋರ್ಟಿನಲ್ಲಿ 120 ಎಂದಿದೆ ಅಂದುಕೊಳ್ಳಿ. ಕಡಿಮೆ ಆಯ್ತಾ ಅಂತ ಗಾಬರಿ ಸಹಜ. ಆದರೆ ಒಂದೇ ದಿನ ಗರ್ಭ ಧರಿಸಿದ ಇಬ್ಬರಲ್ಲೂ ಈ ಅಂಕಿ ತುಂಬಾ ಬೇರೆ ಇರಬಹುದು. ಅದಕ್ಕೇ ವೈದ್ಯರು ಎರಡು ದಿನ ಬಿಟ್ಟು ಇನ್ನೊಂದು ಸಲ ರಕ್ತ ಕೊಡಲು ಹೇಳುತ್ತಾರೆ.

ಸರಿಯಾಗಿ 48 ಗಂಟೆಗೆ 210 ಬಂತು. ಹೆಚ್ಚಿದ್ದು 90, ಅಂದರೆ ಮೊದಲಿನ 120ರ ಶೇ. 75. ದುಪ್ಪಟ್ಟಾಗಿಲ್ಲವಲ್ಲ ಎಂದು ಕೊರಗಬೇಕಿಲ್ಲ. ಮೊದಲ ಅಂಕಿ 1500ಕ್ಕಿಂತ ಕಡಿಮೆ ಇದ್ದಾಗ, 48 ಗಂಟೆಯಲ್ಲಿ ಸುಮಾರು ಶೇ. 49ರಷ್ಟು ಏರಿದರೂ ಅದು ಆರೋಗ್ಯವಂತ ಗರ್ಭದಲ್ಲಿ ಕಾಣಬಹುದಾದ ಏರಿಕೆಯೇ.

ಈಗ ಅದೇ 210 ಬಂದಿದ್ದು 72 ಗಂಟೆಯ ನಂತರ ಎಂದಿಟ್ಟುಕೊಳ್ಳಿ. 48 ಗಂಟೆಯ ಲೆಕ್ಕಕ್ಕೆ ಇಳಿಸಿದರೆ ಏರಿಕೆ ಸುಮಾರು ಶೇ. 45 ಮಾತ್ರ. ಅಂಕಿಗಳು ಅವೇ, ಅರ್ಥ ಮಾತ್ರ ಬೇರೆ, ಅಲ್ವಾ? ಆದ್ದರಿಂದ ಎರಡೂ ಸಲ ರಕ್ತ ಕೊಟ್ಟ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಲ್ಯಾಬ್ ಕೂಡ ಒಂದೇ ಇರಲಿ. ಲ್ಯಾಬಿನಿಂದ ಲ್ಯಾಬಿಗೆ ಅಳೆಯುವ ಕಿಟ್ ಬೇರೆಯಾದರೆ ಅಂಕಿಯೂ ವ್ಯತ್ಯಾಸವಾಗುತ್ತದೆ.

ದಿನ ಕಳೆದಂತೆ ಏರಿಕೆಯ ವೇಗ ತಾನಾಗಿಯೇ ತಗ್ಗುತ್ತದೆ. 3000 ದಾಟಿದ ಮೇಲೆ 48 ಗಂಟೆಗೆ ಶೇ. 33ರಷ್ಟು ಏರಿದರೂ ಆಗಬಹುದು. ಎಂಟರಿಂದ ಹನ್ನೊಂದನೇ ವಾರದ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಆ ಹಂತದಲ್ಲಿ ಸುಮ್ನೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಸ್ಕ್ಯಾನ್ ಹೆಚ್ಚು ಹೇಳುತ್ತದೆ.

ಏರಿಕೆ ನಿಧಾನವಾದರೆ ಅಥವಾ ಅಂಕಿ ನಿಂತಲ್ಲೇ ನಿಂತರೆ, ಗರ್ಭ ಬೆಳೆಯುತ್ತಿಲ್ಲವೇ, ಇಲ್ಲ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ, ನಿಂತಿದೆಯೇ ಎಂದು ನೋಡಬೇಕಾಗುತ್ತದೆ. ಎರಡನ್ನೂ ಬಿಡಿಸಿ ಹೇಳುವ ಶಕ್ತಿ ಈ ಅಂಕಿಗಿಲ್ಲ. ನಾಳದ ಗರ್ಭದಲ್ಲೂ ಕೆಲವೊಮ್ಮೆ ಏರಿಕೆ ಚೆನ್ನಾಗಿಯೇ ಇರುತ್ತದೆ. ಸಾಮಾನ್ಯವಾಗಿ 3500 ದಾಟಿದರೂ ಯೋನಿ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಗರ್ಭಕೋಶದೊಳಗೆ ಭ್ರೂಣ ಬೆಳೆಯುವ ಚೀಲ ಕಾಣದಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ನೋಡುತ್ತಾರೆ. ಹೊಟ್ಟೆಯ ಕೆಳಭಾಗದಲ್ಲಿ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಬಂದರೆ ಎರಡನೇ ರಿಪೋರ್ಟಿಗೆ ಕಾಯಬೇಡಿ, ಅಂಕಿ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಹೋಗಿ.