ಸ್ವಿಚ್ ಆನ್ ಮಾಡಿ ನೀರು ಮುಟ್ಟಬೇಡಿ

ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ರಾಡ್ ಹೀಟರಿನ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ, ಆನ್ ಇರುವ ಹೊತ್ತಿನಲ್ಲಿ ನೀರು ಮುಟ್ಟಕೂಡದು ಎಂಬುದನ್ನು ನಾನು ಮೊದಲು ಬರೆದದ್ದು ಹೀಗೆ: ‘ಸ್ವಿಚ್ ಆನ್ ಮಾಡಿ ನೀರು ಮುಟ್ಟಬೇಡಿ.’ ಬರೆದಾಗ ಸರಿಯಾಗಿಯೇ ಕಂಡಿತು. ಅಚ್ಚಿನ ಕರಡಿನಲ್ಲಿ ಸಾಲು ‘ಮಾಡಿ’ಗೆ ಮುರಿದು ‘ನೀರು ಮುಟ್ಟಬೇಡಿ’ ಕೆಳಗಿಳಿದಿತ್ತು. ಈಗ ಮೇಲಿನ ಸಾಲು ‘ಸ್ವಿಚ್ ಆನ್ ಮಾಡಿ’ ಎಂದು ಅಪ್ಪಣೆ ಕೊಡುತ್ತಿತ್ತು!

ಇದು ‘ಮಾಡಿ’ಯ ಗುಣ. ‘ಊಟ ಮಾಡಿ ಬಂದೆ’ ಎಂದರೆ ಊಟ ಮುಗಿಸಿ ಬಂದೆ ಎಂದು. ‘ಊಟ ಮಾಡಿ’ ಎಂದಷ್ಟೇ ಹೇಳಿದರೆ ಅದು ಕೋರಿಕೆ. ಹಾಕಿ, ತಿರುಗಿಸಿ, ಮುಳುಗಿಸಿ ಇವೆಲ್ಲ ಹೀಗೆಯೇ. ‘ತೆಗೆ’ಯಲ್ಲಿ ಈ ತೊಡಕಿಲ್ಲ: ತೆಗೆದು, ತೆಗೆಯಿರಿ ಬೇರೆ ಬೇರೆಯಾಗಿವೆ. ಎರಡರ್ಥದ ಕ್ರಿಯಾಪದದ ಮುಂದೆ ‘ಬೇಡಿ’ ಬಂದರೆ, ನಿಷೇಧ ಎಲ್ಲಿಂದ ಶುರು ಎಂಬುದು ಓದುವವರ ಊಹೆಗೆ ಬಿಡುತ್ತದೆ. ‘ಸ್ವಿಚ್ ಆನ್ ಇರುವಾಗ ನೀರು ಮುಟ್ಟಬೇಡಿ’ ಎಂದು ತಿದ್ದಿದೆ. ಇದನ್ನು ಎಲ್ಲಿ ಮುರಿದರೂ ತಪ್ಪು ಅಪ್ಪಣೆ ಹುಟ್ಟುವುದಿಲ್ಲ.

ಮುಂದಿನ ತೊಡಕು ಕ್ರಮದ್ದು. ‘ರಾಡ್ ಹೊರತೆಗೆಯುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ’ ಎಂಬುದು ವ್ಯಾಕರಣಕ್ಕೆ ಸರಿ. ಆದರೆ ಕಡೆಗೆ ಆಗಬೇಕಾದ ಕೆಲಸ ಕಿವಿಗೆ ಮೊದಲು ಬೀಳುತ್ತದೆ. ಒಬ್ಬರು ಓದಿ ಹೇಳುತ್ತಿದ್ದರೆ ಕೇಳುವವರ ಕೈ ಆಗಲೇ ರಾಡಿನತ್ತ ಹೋಗಿರುತ್ತದೆ. ಹಾಗಾಗಿ ಕೆಲಸ ನಡೆಯುವ ಕ್ರಮದಲ್ಲೇ, ಒಂದು ವಾಕ್ಯಕ್ಕೆ ಒಂದೇ ಕೆಲಸದಂತೆ ಬರೆದೆ:

1. ಸ್ವಿಚ್ ಆಫ್ ಮಾಡಿ.
2. ಪ್ಲಗ್ ಕೀಳಿ.
3. ಆಮೇಲೆ ರಾಡನ್ನು ನೀರಿನಿಂದ ತೆಗೆಯಿರಿ.

ಮೊದಲ ಎರಡನ್ನು ‘ಕರೆಂಟ್ ಆಫ್ ಮಾಡಿ’ ಎಂದು ಒಂದೇ ಮಾಡುವ ಆಸೆ ಅನುವಾದಕರಿಗೆ ಬರುತ್ತದೆ. ಮಾಡಬಾರದು. ಕೆಲವು ಮನೆಗಳಲ್ಲಿ ವೈರಿಂಗ್ ಅದಲುಬದಲಾಗಿ ಸ್ವಿಚ್ಚು ಕರೆಂಟ್ ತರುವ ಫೇಸ್ ತಂತಿಯ ಬದಲು ಅದು ಮರಳುವ ನ್ಯೂಟ್ರಲ್ ತಂತಿಯ ಮೇಲೆ ಕೂತಿರುತ್ತದೆ. ಆಗ ಸ್ವಿಚ್ ಆರಿಸಿದರೂ ರಾಡಿನವರೆಗೆ ಫೇಸ್ ಇದ್ದೇ ಇರುತ್ತದೆ. ಪ್ಲಗ್ ಕಿತ್ತಾಗಲೇ ನಂಟು ಕಡಿಯುವುದು. ಯಾವ ಹೆಜ್ಜೆ ಏಕಿದೆ ಎಂದು ತಿಳಿಯದೆ ಅನುವಾದಿಸಿದರೆ, ಚೊಕ್ಕವಾಗಲಿ ಎಂದು ಕತ್ತರಿಸಿದ್ದೇ ಜೀವ ಉಳಿಸುವ ಸಾಲಾಗಿರಬಹುದು.

ಹಚ್ಚುವಾಗ ಕ್ರಮ ತಿರುಗುಮುರುಗಾಗುತ್ತದೆ: ಮೊದಲು ನೀರಿನಲ್ಲಿ ರಾಡ್, ಆಮೇಲೆ ಪ್ಲಗ್, ಕೊನೆಗೆ ಸ್ವಿಚ್. 1500 ವಾಟ್ ರಾಡಿನ ಶಾಖವನ್ನು ಹೀರಿಕೊಳ್ಳಲು ನೀರಿಲ್ಲದಿದ್ದರೆ ಅದು ಬೇಗನೆ ಕೆಂಪಗೆ ಕಾದು ಸುಟ್ಟುಹೋಗುತ್ತದೆ. ‘ಮೇಲಿನ ಕ್ರಮವನ್ನೇ ಹಿಂದುಮುಂದಾಗಿ ಮಾಡಿ’ ಎಂದು ಜಾಗ ಉಳಿಸಬಾರದು, ಮೂರು ಸಾಲನ್ನೂ ಮತ್ತೆ ಬರೆಯಬೇಕು.

ಕೊನೆಗೆ ಖಾಲಿ ಬಕೆಟ್ಟು ಇಟ್ಟು, ಪ್ಲಗ್ ಹಾಕದ ರಾಡನ್ನು ಅತ್ತೆಯ ಕೈಗೆ ಕೊಟ್ಟು, ನಾನು ಓದುತ್ತಾ ಹೋದೆ. ಹಳೆಯ ಕರಡಿಗೆ ಅವರ ಕೈ ‘ಹೊರತೆಗೆಯುವ’ ಎಂಬಲ್ಲಿಯೇ ರಾಡನ್ನು ಎತ್ತಿತ್ತು. ಹೊಸದಕ್ಕೆ ನೇರ ಸ್ವಿಚ್ಚಿಗೆ ಹೋಯಿತು.