ತಡವಾದ ರಿಟರ್ನ್, ಕೈತಪ್ಪಿದ ನಷ್ಟ: ಆದರೆ ಎಲ್ಲವೂ ಹೋಗುವುದಿಲ್ಲ

ರಾಜಾಜಿನಗರದಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವರೊಬ್ಬರು 2024ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯ ನೋಟಿಸ್ ಹಿಡಿದು ನನ್ನ ಬಳಿ ಬಂದರು. ಹಿಂದಿನ ವರ್ಷದ 6,40,000 ರೂಪಾಯಿ ನಷ್ಟವನ್ನು ಈ ವರ್ಷದ ಲಾಭದಲ್ಲಿ ಕಳೆದಿದ್ದರು. ಆ ನಷ್ಟವನ್ನು ಒಪ್ಪುವುದಿಲ್ಲ, 30 ದಿನದೊಳಗೆ ಉತ್ತರ ಕೊಡಿ ಎಂದಿತ್ತು ನೋಟಿಸ್.

ನಾನು ಮೊದಲು ಕೇಳಿದ್ದು ಹಿಂದಿನ ವರ್ಷದ ರಿಟರ್ನ್‌ನ ಅಕ್ನಾಲೆಜ್‌ಮೆಂಟ್. ಅದರಲ್ಲಿ `139(4)` ಎಂದಿತ್ತು. ಅಂದರೆ ಗಡುವು ದಾಟಿದ ಮೇಲೆ ಸಲ್ಲಿಸಿದ ರಿಟರ್ನ್. ಸಲ್ಲಿಸಿದ ದಿನ 20 ಅಕ್ಟೋಬರ್ 2023.

"ಸಾರ್, ಬಿಸಿನೆಸ್‌ಗೆ ಅಕ್ಟೋಬರ್ 31ರ ತನಕ ಟೈಮ್ ಇರುತ್ತೆ ಅಲ್ವಾ?" ಎಂದರು. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಆ ಗಡುವು ಲೆಕ್ಕಪತ್ರದ ಆಡಿಟ್ ಕಡ್ಡಾಯ ಇರುವವರಿಗೆ. ಇವರ ವಹಿವಾಟು 62 ಲಕ್ಷ, ಆಡಿಟ್ ಬೇಕಿರಲಿಲ್ಲ. ಹಾಗಾಗಿ ಗಡುವು 31 ಜುಲೈ 2023ಕ್ಕೇ ಮುಗಿದಿತ್ತು. ಗಡುವಿನೊಳಗೆ ರಿಟರ್ನ್ ಸಲ್ಲಿಸದಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ರ ಪ್ರಕಾರ ಆ ವರ್ಷದ ವ್ಯಾಪಾರ ನಷ್ಟ ಮುಂದಕ್ಕೆ ಬರುವುದಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಸಕಾಲಕ್ಕೆ ತೋರಿಸಿದ್ದ ನಷ್ಟಕ್ಕೆ ಮಾತ್ರ ಇದರಿಂದ ತೊಂದರೆ ಇಲ್ಲ.

ಇಲ್ಲಿಗೇ ಕೈಚೆಲ್ಲಿ, ನೋಟಿಸ್‌ಗೆ ಪೂರ್ತಿ ಒಪ್ಪಿಗೆ ಕೊಟ್ಟುಬಿಡುವವರು ಜಾಸ್ತಿ. ನನಗೆ ಬೇಸರ ಆಗುವುದು ಅದಕ್ಕೇ. ಆ 6,40,000ವನ್ನು ಬಿಡಿಸಿ ನೋಡಿದೆವು. ಅದರಲ್ಲಿ 1,90,000 ಆಫ್‌ಸೆಟ್ ಮೆಷಿನ್ನಿನ ಸವಕಳಿ, ಅಂದರೆ ಬಳಸಿದಂತೆ ಅದರ ಬೆಲೆಯಲ್ಲಿ ಆಗುವ ಇಳಿಕೆ. ಉಳಿದ 4,50,000 ಬಾಡಿಗೆ, ಸಂಬಳ, ಕಾಗದದ ಖರ್ಚಿನಿಂದ ಆದ ನಷ್ಟ. ಲಾಭ ಇಲ್ಲದೆ ಉಳಿದುಹೋದ ಸವಕಳಿ ಸೆಕ್ಷನ್ 32(2)ರಲ್ಲಿ ಬರುತ್ತದೆ. ಸೆಕ್ಷನ್ 80 ಅದನ್ನು ಮುಟ್ಟುವುದಿಲ್ಲ. ರಿಟರ್ನ್ ತಡವಾಗಿದ್ದರೂ ಅದು ಮುಂದಕ್ಕೆ ಬರುತ್ತದೆ. ವ್ಯಾಪಾರ ನಷ್ಟಕ್ಕಿರುವ 8 ವರ್ಷದ ಮಿತಿಯೂ ಅದಕ್ಕಿಲ್ಲ.

ಹಳೆಯ ರಿಟರ್ನ್‌ನಲ್ಲಿ ಈ 1,90,000 ಸರಿಯಾಗಿ, ಉಳಿದುಹೋದ ಸವಕಳಿ ತೋರಿಸುವ `Schedule UD`ಯಲ್ಲೇ ಇತ್ತು. ಹೊಸ ರಿಟರ್ನ್ ತುಂಬಿದವರು ಎರಡನ್ನೂ ಸೇರಿಸಿ, ಮುಂದಕ್ಕೆ ತರುವ ನಷ್ಟ ತೋರಿಸುವ `Schedule CFL`ಗೆ ಹಾಕಿದ್ದರು. ಅದಕ್ಕೇ ನೋಟಿಸ್ ಪೂರ್ತಿ ಮೊತ್ತಕ್ಕೆ ಬಂದಿತ್ತು. 4,50,000ಕ್ಕೆ ಒಪ್ಪಿ, ಸವಕಳಿಗೆ ಒಪ್ಪದೆ, ಕಾರಣ ಬರೆದು ಉತ್ತರ ಕೊಟ್ಟೆವು. ಡಿಸೆಂಬರ್ 31ರ ತನಕ ಅವಕಾಶ ಇದ್ದದ್ದರಿಂದ ರಿಟರ್ನ್ ಪರಿಷ್ಕರಿಸಿ, ಸವಕಳಿಯನ್ನು ಅದರ ಜಾಗಕ್ಕೆ ತಂದು, ವ್ಯತ್ಯಾಸದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿಸಿದೆ.

ಉಳಿದ 4,50,000ಕ್ಕೆ ಇರುವ ದಾರಿ ಒಂದೇ: ತಡವನ್ನು ಮನ್ನಿಸಿ ಎಂದು ಸೆಕ್ಷನ್ 119(2)(b) ಅಡಿ ಅರ್ಜಿ. 1 ಅಕ್ಟೋಬರ್ 2024ರ ಸುತ್ತೋಲೆಯಂತೆ 1 ಕೋಟಿವರೆಗಿನ ಮೊತ್ತವನ್ನು ಕಮಿಷನರ್ ಮಟ್ಟದಲ್ಲೇ ತೀರ್ಮಾನಿಸುತ್ತಾರೆ. ಅಸೆಸ್‌ಮೆಂಟ್ ವರ್ಷ ಮುಗಿದು 5 ವರ್ಷದೊಳಗೆ ಅರ್ಜಿ ಹಾಕಬೇಕು. ಇವರ ಮಟ್ಟಿಗೆ ಅದು 31 ಮಾರ್ಚ್ 2029.

ಗಡುವು ಗೊತ್ತಿರಲಿಲ್ಲ ಎಂದು ಸುಮ್ನೆ ಬರೆದರೆ ಅರ್ಜಿ ನಿಲ್ಲುವುದು ಕಷ್ಟ. ಮಾತಾಡುತ್ತಾ ಗೊತ್ತಾಯಿತು, ಆ ಜುಲೈನಲ್ಲಿ ಅವರ ತಂದೆ 19 ದಿನ ಆಸ್ಪತ್ರೆಯಲ್ಲಿದ್ದರು, ಪ್ರೆಸ್ಸಿಗೆ ಬೀಗ ಹಾಕಿತ್ತು. ಡಿಸ್ಚಾರ್ಜ್ ಸಮ್ಮರಿ ಹುಡುಕಿ ತಂದರು. ಅದರ ಜೊತೆಗೆ, ಆ ತಿಂಗಳು ಒಂದೂ ಬಿಲ್ ಆಗದ ಸೇಲ್ಸ್ ರಿಜಿಸ್ಟರಿನ ಪುಟವನ್ನೂ ಲಗತ್ತಿಸಿ ಅರ್ಜಿ ಕೊಟ್ಟಿದ್ದೇವೆ. ಆದೇಶ ಇನ್ನೂ ಬರಬೇಕು.